ಮರಳಿ ಬಂದವರು ನಿಜಕ್ಕೂ ಬದಲಾಗಿದ್ದಾರೆಯೇ?

ಹಾಲಿವುಡ್‌ನ ಎಲಿಜಬೆತ್ ಟೇಲರ್ ಮತ್ತು ರಿಚರ್ಡ್ ಬರ್ಟನ್ ಹತ್ತು ವರ್ಷ ಸಂಸಾರ ಮಾಡಿ 1974ರಲ್ಲಿ ವಿಚ್ಛೇದನ ಪಡೆದರು. ಮರುವರ್ಷ ಅಕ್ಟೋಬರ್‌ನಲ್ಲಿ, ಆಫ್ರಿಕಾದ ಬೋಟ್ಸ್‌ವಾನಾದಲ್ಲಿ ಅವರಿಬ್ಬರೇ ಮತ್ತೆ ಮದುವೆಯಾದರು. ಮೊದಲ ದಾಂಪತ್ಯ ಕೆಡುವುದರಲ್ಲಿ ಬರ್ಟನ್ ಕುಡಿತದ ಪಾಲು ದೊಡ್ಡದಿತ್ತು. ಅದನ್ನು ಬಿಡಲು ಅವರು ಆಸ್ಪತ್ರೆಯನ್ನೂ ಸೇರಿದ್ದರು. ಆದರೂ ಎರಡನೇ ಮದುವೆ ವರ್ಷ ತುಂಬುವ ಮೊದಲೇ ಮುರಿಯಿತು. ಇಬ್ಬರ ನಡುವೆ ಪ್ರೀತಿಗೆ ಬರವಿರಲಿಲ್ಲ; ಬೇರ್ಪಡಿಸಿದ ಕಾರಣ ಮಾತ್ರ ಹಾಗೇ ಉಳಿದಿತ್ತು.

ಮರಳಿ ಕೂಡಿದ ಹೊಸತರಲ್ಲಿ ನಡತೆ ಸುಧಾರಿಸುವುದು ಸಹಜ. ಕಳೆದುಕೊಳ್ಳುವ ಭಯ ಇನ್ನೂ ಹಸಿಯಾಗಿರುತ್ತದೆ. ಅದು ನಾಟಕವೇ ಆಗಬೇಕೆಂದಿಲ್ಲ, ಆ ಕ್ಷಣದ ಪಶ್ಚಾತ್ತಾಪ ಪ್ರಾಮಾಣಿಕವೇ ಇರಬಹುದು. ಆದರೆ ಭಯದಿಂದ ಬಂದ ನಯ ಭಯದ ಜೊತೆಗೇ ಹೋಗಬಲ್ಲದು. ನಡತೆಯ ಬದಲಾವಣೆಯನ್ನು ಅಧ್ಯಯನ ಮಾಡಿದ ಅಮೆರಿಕದ ಮನಃಶಾಸ್ತ್ರಜ್ಞರಾದ ಪ್ರೊಚಾಸ್ಕ ಮತ್ತು ಡಿಕ್ಲಿಮೆಂಟೆ, ಹೊಸ ನಡತೆ ಸುಮಾರು ಆರು ತಿಂಗಳು ನಿಂತ ಮೇಲಷ್ಟೇ ಅದನ್ನು ‘ಉಳಿಸಿಕೊಳ್ಳುವ ಹಂತ’ ಎಂದು ಕರೆದರು. ಆಮೇಲೂ ಜಾರುವ ಸಾಧ್ಯತೆ ಇದ್ದೇ ಇರುತ್ತದೆ.

ಹಾಗೆಂದು ಕ್ಯಾಲೆಂಡರ್ ನೋಡುತ್ತ ಕೂತರೆ ಸಾಲದು. ಹಿಂದೆ ಜಗಳವಾಗುತ್ತಿದ್ದ ಜಾಗಕ್ಕೇ ಮತ್ತೆ ಬಂದಾಗ ಏನಾಗುತ್ತದೆ ಎಂಬುದು ಮುಖ್ಯ.

ಒಬ್ಬ ಗಂಡನನ್ನು ಊಹಿಸಿಕೊಳ್ಳಿ. ಹೆಂಡತಿ ತನ್ನ ಸಂಬಳದಲ್ಲಿ ತವರಿಗೆ ಹಣ ಕಳಿಸಿದರೆ ವಾರಗಟ್ಟಲೆ ಮಾತು ಬಿಡುತ್ತಿದ್ದವನು ಆತ. ಬೇರೆಯಾಗಿ, ಮತ್ತೆ ಕೂಡಿದ ಮೇಲೆ ಹೂವು ತರುತ್ತಾನೆ, ಅಡುಗೆಗೆ ಕೈ ಹಾಕುತ್ತಾನೆ. ಸಂತೋಷವೇ, ಆದರೆ ಜಗಳ ಇದ್ದದ್ದು ಹೂವಿನ ಬಗ್ಗೆ ಅಲ್ಲ. ನಾಲ್ಕು ತಿಂಗಳ ನಂತರ ಅವಳು, “ಅಮ್ಮನ ಆಪರೇಷನ್‌ಗೆ ದುಡ್ಡು ಕಳಿಸ್ತಿದ್ದೀನಿ” ಎನ್ನುತ್ತಾಳೆ. ಅವನ ಮುಖ ಬಿಗಿದರೂ, ಸಂಜೆ ಬಂದು, “ನನಗೆ ಕೋಪ ಬಂದಿತ್ತು, ಆದ್ರೆ ಅದು ನಿನ್ನ ದುಡ್ಡು” ಎಂದರೆ ಅದಕ್ಕೆ ತೂಕವಿದೆ. “ಇಷ್ಟೆಲ್ಲ ಬದಲಾಗಿದ್ದೀನಿ, ಆದ್ರೂ ನೀನು ಹೀಗೇ” ಎಂದರೆ, ತೋರಿದ ಒಳ್ಳೆಯತನವನ್ನು ಅವನು ಸಾಲದ ಲೆಕ್ಕಕ್ಕೆ ಬರೆದಿಟ್ಟಿದ್ದಾನೆ ಎಂದರ್ಥ.

ಕ್ಷಮೆ ಕೇಳುವ ರೀತಿಯೂ ಸುಳಿವು ಕೊಡುತ್ತದೆ. ತಾನು ಮಾಡಿದ್ದನ್ನು ಹೆಸರಿಟ್ಟು ಹೇಳುವವರು ಸಮಸ್ಯೆಯನ್ನು ಕಂಡಿದ್ದಾರೆ. “ಹಳೇದೆಲ್ಲ ಯಾಕೆ?” ಎಂದು ಮಾತು ಮುಗಿಸುವವರಿಗೆ ಇನ್ನೂ ಕಂಡಿಲ್ಲದಿರಬಹುದು. ಒಮ್ಮೆ ಎಡವಿದ ಮಾತ್ರಕ್ಕೆ ಎಲ್ಲವೂ ಸುಳ್ಳಾಗುವುದಿಲ್ಲ. ಎಡವಿದವರು ತಾವಾಗಿಯೇ ಒಪ್ಪಿಕೊಂಡು ಸರಿಪಡಿಸುತ್ತಾರೆಯೇ, ಎಡವುವ ಸಂದರ್ಭಗಳ ನಡುವಿನ ಅಂತರ ಹಿಗ್ಗುತ್ತಿದೆಯೇ ಎಂದು ನೋಡಬೇಕು.

ಹೊಡೆತ, ಬೆದರಿಕೆ ಇದ್ದ ಸಂಬಂಧಕ್ಕೆ ಈ ಕಾದು ನೋಡುವ ದಾರಿ ಸಲ್ಲದು. ಹಿಂಸೆಯ ನಂತರ ಅಕ್ಕರೆಯ ಕಾಲ, ಅದರ ಹಿಂದೆಯೇ ಮತ್ತೆ ಬಿಗುವು ಬರುವ ಚಕ್ರವನ್ನು ಅಮೆರಿಕದ ಮನಃಶಾಸ್ತ್ರಜ್ಞೆ ಲೆನೋರ್ ವಾಕರ್ 1979ರಲ್ಲೇ ವಿವರಿಸಿದ್ದರು. ಅಂಥಲ್ಲಿ ಮನೆಗೆ ಮರಳಿ ಪರೀಕ್ಷಿಸುವುದು ಜೀವಕ್ಕೇ ಅಪಾಯ. ಮೊದಲು ಸುರಕ್ಷಿತ ಜಾಗ ಬೇಕು. ನೆರವಿಗೆ ಮಹಿಳಾ ಸಹಾಯವಾಣಿ 181 ಇದೆ.