ಚಿತ್ರದ ಗುರುತುಗಳು ಜನರಿಗೆ ತಿಳಿದವೇ? ಪರೀಕ್ಷಿಸುವ ಬಗೆ

ರಾತ್ರಿ ಹತ್ತು ಗಂಟೆಗೆ ಕೊಟ್ಟಿಗೆಯಲ್ಲಿ ಹಸುವಿನ ಹೊಟ್ಟೆ ಉಬ್ಬರಿಸಿದೆ ಎಂದಿಟ್ಟುಕೊಳ್ಳಿ. ಮನೆಯಲ್ಲಿರುವವಳು ಓದುಬರಹ ಬಾರದ ಹೆಂಗಸು. ಹಾಲಿನ ಡೇರಿಯವರು ಸದಸ್ಯರಿಗಾಗಿ ಮಾಡಿಸಿಕೊಟ್ಟ ಒಂದು ಕಾರ್ಯಕ್ರಮ ಅವಳ ಕೈಲಿರುವ ಮೊಬೈಲಿನಲ್ಲಿದೆ. ಅದನ್ನು ತೆರೆದರೆ ಅಕ್ಷರಗಳಿಲ್ಲ, ಆರು ಚಿತ್ರಗಳಿವೆ. ದನದ ಡಾಕ್ಟರನ್ನು ಕರೆಯುವ ಚಿತ್ರ ಯಾವುದೆಂದು ಅವಳಿಗೆ ತಿಳಿದರೆ ಹಸು ಉಳಿದೀತು. ತಪ್ಪು ಚಿತ್ರವನ್ನು ಒತ್ತಿದರೆ ಹೊತ್ತು ಹೋಗುತ್ತದೆ. ಹೊಟ್ಟೆ ಉಬ್ಬರದಲ್ಲಿ ಕೆಲವು ಗಂಟೆಗಳೇ ಹಸುವಿನ ಪ್ರಾಣ ತೆಗೆಯಬಲ್ಲವು.

ಇಂಥ ಚಿತ್ರಗಳನ್ನು ಬರೆಸುವ ಕೆಲಸ ಈಗ ಸಂಘಗಳಿಗೂ ಪಂಚಾಯಿತಿಗಳಿಗೂ ಬರುತ್ತಿದೆ. ಬರೆಸಿದವರೆಲ್ಲರೂ "ಚಿತ್ರ ತಾನೇ, ಯಾರಿಗಾದರೂ ತಿಳಿಯುತ್ತದೆ" ಎಂದುಕೊಳ್ಳುತ್ತಾರೆ. ಅದು ನಿಜವಲ್ಲ. ಏಕೆ ನಿಜವಲ್ಲ, ತಿಳಿಯಿತೋ ಇಲ್ಲವೋ ಎಂಬುದನ್ನು ನೀವೇ ಊರಿನಲ್ಲಿ ಹೇಗೆ ಪರೀಕ್ಷಿಸಬಹುದು ಎಂಬುದನ್ನು ಇಲ್ಲಿ ವಿವರಿಸಿದೆ.

ಗುರುತಿಸುವುದು ಬೇರೆ, ಅರ್ಥಮಾಡಿಕೊಳ್ಳುವುದು ಬೇರೆ

1951-52ರ ಮೊದಲ ಮಹಾಚುನಾವಣೆಯಿಂದಲೂ ನಮ್ಮ ದೇಶದಲ್ಲಿ ಓದು ಬಾರದವರು ಚಿಹ್ನೆ ನೋಡಿ ಮತ ಹಾಕುತ್ತ ಬಂದಿದ್ದಾರೆ. ಇದನ್ನೇ ತೋರಿಸಿ, ಚಿತ್ರವಿದ್ದರೆ ಸಾಕು ಎಂದು ಹಲವರು ವಾದಿಸುವುದುಂಟು. ಆದರೆ ಒಂದು ಮಾತನ್ನು ಗಮನಿಸಿರಿ. ಚುನಾವಣೆಯ ಚಿಹ್ನೆಗೆ ತನ್ನದೇ ಅರ್ಥವೇನೂ ಇಲ್ಲ. ಇಂಥವರ ಗುರುತು ಇಂಥದೆಂದು ವಾರಗಟ್ಟಲೆ ಮನೆಮನೆಗೆ ಬಂದು ಹೇಳಿರುತ್ತಾರೆ. ಮತದಾರನು ಅದನ್ನು ಗುರುತಿಸಿದರೆ ಸಾಕು. ಮೊಬೈಲಿನ ಚಿತ್ರವನ್ನು ಹಾಗೆ ಮನೆಮನೆಗೆ ಹೋಗಿ ಯಾರೂ ಕಲಿಸುವುದಿಲ್ಲ. ಅದು ಮೊದಲ ನೋಟಕ್ಕೇ ತನ್ನ ಅರ್ಥವನ್ನು ತಾನೇ ಹೇಳಬೇಕು. ಈ ಎರಡನೆಯ ಕೆಲಸ ಬಹಳ ಕಷ್ಟದ್ದು.

ಬೆಂಗಳೂರಿನಲ್ಲಿ ಕಂಡದ್ದು

ಬೆಂಗಳೂರಿನಲ್ಲಿ ಮನೆಗೆಲಸ ಮಾಡುವ ಹೆಂಗಸರಿಗೆ ಕೆಲಸ ಹುಡುಕಲು ನೆರವಾಗುವ, ಅಕ್ಷರವಿಲ್ಲದ ಗಣಕ ಕಾರ್ಯಕ್ರಮವೊಂದನ್ನು ಇಂದ್ರಾಣಿ ಮೇಧಿ ಮತ್ತು ಅವರ ಜೊತೆಗಾರರು ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ರೂಪಿಸಿ, 2006ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಅವರು ಚಿತ್ರಗಳನ್ನು ಆ ಹೆಂಗಸರ ಮುಂದೆಯೇ ಇಟ್ಟು, ತಪ್ಪಿದ ಕಡೆ ತಿದ್ದಿ, ಮತ್ತೆ ಇಟ್ಟು ನೋಡಿದರು. ಅವರಿಗೆ ಕಂಡ ಎರಡು ಸಂಗತಿಗಳು ನಮಗೆ ನೇರವಾಗಿ ಉಪಯೋಗಕ್ಕೆ ಬರುತ್ತವೆ.

ಮೊದಲನೆಯದು, ವಸ್ತುವಿನ ಚಿತ್ರ ಬರೆದು ಕೆಲಸವನ್ನು ಸೂಚಿಸಲಾಗದು. ಪಾತ್ರೆಗಳನ್ನಷ್ಟೇ ಬರೆದರೆ ನೋಡುವವರು ಅದನ್ನು ಅಡಿಗೆಮನೆ ಎನ್ನಬಹುದು. ಪಾತ್ರೆ ತೊಳೆಯುವ ಕೆಲಸ ಎನ್ನುವುದಿಲ್ಲ. ನಲ್ಲಿಯಿಂದ ನೀರು ಸುರಿಯುವಂತೆ ಬರೆದಾಗ ಅದು ಕೆಲಸವೆಂದು ತಿಳಿಯುತ್ತದೆ. ಅಂದರೆ ಚಲನೆಯ ಸುಳಿವು ಚಿತ್ರದಲ್ಲಿರಬೇಕು.

ಎರಡನೆಯದು, ಚಿತ್ರದ ಅರ್ಥ ನೋಡುವವರ ಬಾಳಿನಿಂದ ಬರುತ್ತದೆ. ಇಳಿಜಾರು ಮಾಡಿನ ಪುಟ್ಟ ಮನೆಯನ್ನು ಬರೆದರೆ ಪಟ್ಟಣದ ಕೆಲಸಗಾರ್ತಿಗೆ ಅದು ಹಳ್ಳಿಯ ಗುಡಿಸಲಾಗಿ ಕಾಣುತ್ತದೆ. ತಾನು ಕೆಲಸಕ್ಕೆ ಹೋಗುವ ಮನೆ ಎನಿಸುವುದಿಲ್ಲ. ಅವಳು ಹೋಗುವುದು ಮಹಡಿಯ ಕಟ್ಟಡಕ್ಕೆ.

ನೇಪಾಳದ ಹಳ್ಳಿಗಳಲ್ಲಿ 1976ರಲ್ಲಿ ವರದಿಯಾದ ಒಂದು ಅಧ್ಯಯನವೂ ಇಂಥದೇ ಪಾಠ ಹೇಳಿತು. ಒಂದೇ ವಸ್ತುವನ್ನು ಹಲವು ಬಗೆಯಲ್ಲಿ ಚಿತ್ರಿಸಿ ತೋರಿಸಿದಾಗ, ನೆರಳು ಬೆಳಕು ಕೊಟ್ಟು ವಿವರವಾಗಿ ಬರೆದದ್ದು ಹೆಚ್ಚು ಜನರಿಗೆ ತಿಳಿಯಿತು. ವಿವರಗಳನ್ನೆಲ್ಲ ಬಿಟ್ಟು ಕೆಲವೇ ಗೆರೆಗಳಲ್ಲಿ ಬರೆದದ್ದು ಎಲ್ಲಕ್ಕಿಂತ ಕಡಿಮೆ ಜನರಿಗೆ ತಿಳಿಯಿತು. ಪಟ್ಟಣದ ಚಿತ್ರಕಾರರು ಇಷ್ಟಪಡುವುದು ಈ ಕೊನೆಯ ಬಗೆಯನ್ನೇ ಎಂಬುದನ್ನು ಮರೆಯಬಾರದು.

ದಾರಿ ತಪ್ಪದಂತೆ ಜೋಡಿಸುವುದು

ಚಿತ್ರ ಚೆನ್ನಾಗಿದ್ದರೂ ಜೋಡಣೆ ಕೆಟ್ಟರೆ ಪ್ರಯೋಜನವಿಲ್ಲ. ಓದಿದವರು ಒಂದು ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆ ಇಡುವಂತೆ ಜೋಡಿಸುತ್ತಾರೆ. 'ಪಶು ಸೇವೆ' ಎಂಬುದನ್ನು ಒತ್ತಿದರೆ ಅದರೊಳಗೆ 'ಚಿಕಿತ್ಸೆ', ಅದರೊಳಗೆ 'ತುರ್ತು ಕರೆ'. ಅಕ್ಷರಗಳನ್ನೆಲ್ಲ ತೆಗೆದು ಚಿತ್ರಗಳನ್ನಿಟ್ಟರೂ ಈ ಒಳಪೆಟ್ಟಿಗೆಗಳ ಜೋಡಣೆಗಿಂತ ಒಂದೇ ಸಾಲಿನ ಪಟ್ಟಿಯಲ್ಲಿ ಹುಡುಕುವುದು ಕಡಿಮೆ ಓದಿದವರಿಗೆ ಸುಲಭವೆಂದು ಮೇಧಿಯವರ ತಂಡವೇ 2013ರಲ್ಲಿ ತೋರಿಸಿತು. ಆದಕಾರಣ ಆರೇಳು ಕೆಲಸಗಳಿದ್ದರೆ ಆರೇಳು ಚಿತ್ರಗಳನ್ನೂ ಮೊದಲ ಪುಟದಲ್ಲಿಯೇ ಇಡತಕ್ಕದ್ದು. ಹಿಂದಕ್ಕೆ ಹೋಗುವ ಗುರುತು ಎಲ್ಲ ಪುಟಗಳಲ್ಲಿಯೂ ಒಂದೇ ಮೂಲೆಯಲ್ಲಿರಬೇಕು. ಬೆರಳಿನಿಂದ ಮೇಲೆ ತಳ್ಳಿದರೆ ಕೆಳಗೆ ಇನ್ನೂ ಚಿತ್ರಗಳಿವೆ ಎಂಬುದು ಹೊಸಬರಿಗೆ ಹೊಳೆಯುವುದಿಲ್ಲ. ಬಹು ಅಗತ್ಯವಾದದ್ದನ್ನು ಅಲ್ಲಿ ಅಡಗಿಸಿಡಬಾರದು.

ಪರೀಕ್ಷೆಯ ಕ್ರಮ

ಮೊದಲು, ಯಾರನ್ನು ಕೇಳಬೇಕು? ಯಾರಿಗಾಗಿ ಚಿತ್ರ ಬರೆದಿದೆಯೋ ಅವರನ್ನು ಮಾತ್ರ. ಸಂಘದ ಕಟ್ಟೆಯ ಮೇಲೆ ಕುಳಿತ ಓದಿದ ಹುಡುಗರನ್ನು ಕೇಳಿದರೆ ಎಲ್ಲವೂ ಸರಿ ಎಂದೇ ಬರುತ್ತದೆ. "ನಿಮಗೆ ಓದು ಬರುತ್ತದೆಯೇ?" ಎಂದು ಕೇಳಿ ಹಿರಿಯರನ್ನು ನಾಚಿಸಬೇಡಿರಿ. ಬಸ್ಸಿನ ಬೋರ್ಡಿನಷ್ಟು ದಪ್ಪಕ್ಷರದ ಒಂದು ಸಾಲನ್ನು ತೋರಿಸಿ, "ಅಮ್ಮಾ, ಇದರಲ್ಲಿ ನಿಮಗೆ ಎಷ್ಟು ತಿಳಿಯುತ್ತೆ ನೋಡಿ" ಎಂದರೆ ಸಾಕು.

ಒಬ್ಬೊಬ್ಬರನ್ನೇ ಬೇರೆಯಾಗಿ ಕೂರಿಸಿಕೊಳ್ಳಿರಿ. ಗುಂಪಿನಲ್ಲಿ ಕೇಳಿದರೆ ಒಬ್ಬರು ಹೇಳಿದ್ದನ್ನೇ ಉಳಿದವರೂ ಹೇಳುತ್ತಾರೆ. ಪಕ್ಕದಲ್ಲಿ ಮಗ ನಿಂತಿದ್ದರೆ ಉತ್ತರ ಮಗನದಾಗುತ್ತದೆ.

ಇನ್ನು ಪ್ರಶ್ನೆ. "ಇದು ದನದ ಡಾಕ್ಟರು, ತಿಳಿಯಿತೇ?" ಎಂದು ಎಂದಿಗೂ ಕೇಳಬಾರದು. ನಮ್ಮ ಜನ ಮನೆಗೆ ಬಂದವರ ಮನಸ್ಸು ನೋಯಿಸುವವರಲ್ಲ. "ಹೂಂ, ತಿಳೀತು" ಎಂದೇ ಬಿಡುತ್ತಾರೆ. ಅದರಿಂದ ನೀವು ತಿಳಿದದ್ದು ಅವರ ಮರ್ಯಾದೆಯನ್ನು ಮಾತ್ರ. ಹೀಗೆ ಕೇಳಿರಿ: "ಡೇರಿಯವರು ಈ ಚಿತ್ರವನ್ನು ಮೊಬೈಲಿನಲ್ಲಿ ಹಾಕಿದ್ದಾರೆ. ಇದನ್ನು ಒತ್ತಿದರೆ ಏನಾದೀತು ಅಂತ ನಿಮಗನ್ನಿಸುತ್ತೆ?" ಉತ್ತರ ಬರುವವರೆಗೆ ತಲೆಯಾಡಿಸದೆ, ನಗದೆ, ಸುಮ್ಮನೆ ಕಾಯಿರಿ. ಅವರು ಹೇಳಿದ ಮಾತನ್ನು ಹೇಳಿದಂತೆಯೇ ಬರೆದುಕೊಳ್ಳಿರಿ. ನಿಮ್ಮ ಮಾತಿಗೆ ತಿರುಗಿಸಬೇಡಿರಿ. ಚಿತ್ರಗಳನ್ನು ತೋರಿಸುವ ಕ್ರಮವನ್ನು ಪ್ರತಿಯೊಬ್ಬರಿಗೂ ಬದಲಿಸಿರಿ.

ಆರು ಚಿತ್ರ, ಆರು ಹೆಸರು ಕೊಟ್ಟು ಹೊಂದಿಸಿರೆಂದು ಹೇಳುವ ಪದ್ಧತಿಯೂ ಉಂಟು. ಅದರಲ್ಲಿ ಒಂದು ಮೋಸವಿದೆ. ಐದನ್ನು ಬಲ್ಲವರಿಗೆ ಆರನೆಯದು ತಾನಾಗಿಯೇ ಉಳಿಯುತ್ತದೆ. ತಿಳಿಯದ ಚಿತ್ರವೂ ತಿಳಿದಂತೆ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಬಾಯಿಂದಲೇ ಹೇಳಿಸುವುದು ಮೇಲು.

ಒಂದು ಲೆಕ್ಕ ಮಾಡಿ ನೋಡೋಣ

ಎಷ್ಟು ಜನಕ್ಕೆ ತಿಳಿದರೆ ಸಾಕು? ಎಚ್ಚರಿಕೆಯ ಗುರುತುಗಳಿಗಾಗಿ ಅಮೆರಿಕದಲ್ಲಿರುವ ಪ್ರಮಾಣವು ಕಡಿಮೆಯೆಂದರೆ 50 ಜನರನ್ನು ಕೇಳಬೇಕೆನ್ನುತ್ತದೆ. ನೂರಕ್ಕೆ 85 ಜನ ಸರಿಯಾಗಿ ಹೇಳಬೇಕು. ಅಪಾಯಕರವಾಗಿ ತಪ್ಪು ತಿಳಿದವರು ನೂರಕ್ಕೆ 5ನ್ನು ಮೀರಬಾರದು. ಇದರಲ್ಲಿ ಎರಡನೆಯ ಮಾತೇ ಮುಖ್ಯ. ತಿಳಿಯದವನು ನೆರೆಯವರನ್ನು ಕೇಳಿಯಾನು. ತಪ್ಪು ತಿಳಿದವನು ಯಾರನ್ನೂ ಕೇಳದೆ ಒತ್ತಿಬಿಡುತ್ತಾನೆ.

ನಮ್ಮ ಡೇರಿಯ ಚಿತ್ರವನ್ನೇ ತೆಗೆದುಕೊಳ್ಳೋಣ. ಈ ಅಂಕಿಗಳು ಲೆಕ್ಕ ತೋರಿಸಲು ಇಟ್ಟುಕೊಂಡವು. ಡಾಕ್ಟರನ್ನು ಕರೆಯಲು ಹಸುವಿನ ಚಿತ್ರ ಬರೆದು ಪಕ್ಕದಲ್ಲಿ ಕೆಂಪು ಕೂಡಿಸುವ ಗುರುತು ಹಾಕಿದೆ. 50 ಜನರಲ್ಲಿ 31 ಮಂದಿ "ದನದ ಡಾಕ್ಟರು" ಎಂದರು. 9 ಮಂದಿ "ಹಸು" ಎಂದಷ್ಟೇ ಹೇಳಿದರು. 4 ಮಂದಿ "ಗೊತ್ತಿಲ್ಲ" ಎಂದರು. ಉಳಿದ 6 ಮಂದಿ "ಬೆದೆಗೆ ಬಂದ ಹಸುವಿಗೆ ಸೂಜಿ ಹಾಕಿಸೋದು" ಎಂದರು. ಸರಿಯಾದ ಉತ್ತರ ನೂರಕ್ಕೆ 62. ಕೃತಕ ಗರ್ಭಧಾರಣೆಯ ಚಿತ್ರ ಬೇರೆಯೇ ಇದ್ದು, ಅದರೊಡನೆ ಇದನ್ನು ಕಲಸಿಕೊಂಡವರು ನೂರಕ್ಕೆ 12. ಹೊಟ್ಟೆ ಉಬ್ಬರಿಸಿದ ರಾತ್ರಿ ಇವರು ತಪ್ಪು ಮನುಷ್ಯನನ್ನು ಕರೆದಾರು. ಚಿತ್ರ ತಿರಸ್ಕೃತ.

ಉತ್ತರಗಳನ್ನು ಓದಿದರೆ ಕಾರಣವೂ ಅಲ್ಲಿಯೇ ಸಿಗುತ್ತದೆ. ನಿಂತ ಹಸುವಿನಲ್ಲಿ ಕಾಯಿಲೆಯ ಸುಳಿವಿಲ್ಲ. ಕೂಡಿಸುವ ಗುರುತಿನ ಅರ್ಥ ಆಸ್ಪತ್ರೆಯ ಬೋರ್ಡು ಓದಿದವರಿಗೆ ಮಾತ್ರ ಗೊತ್ತು. ಹೊಸದಾಗಿ ಬರೆಸುವಾಗ ಹಸು ಮಲಗಿ ಕತ್ತು ಇಳಿಬಿಟ್ಟಿದೆ, ಮುಂದಿನ ಹುಲ್ಲು ಹಾಗೆಯೇ ಇದೆ, ಚೀಲ ಹಿಡಿದ ಡಾಕ್ಟರು ಬಗ್ಗಿ ಹೊಟ್ಟೆ ಮುಟ್ಟಿ ನೋಡುತ್ತಿದ್ದಾರೆ. ಇದನ್ನು ಮೊದಲು ನೋಡಿದವರಿಗೇ ತೋರಿಸಬಾರದು. ಅವರು ಆಗಲೇ ಕಲಿತಿರುತ್ತಾರೆ. ಬೇರೆ 50 ಜನರಲ್ಲಿ 44 ಮಂದಿ ಸರಿ ಹೇಳಿದರು, 2 ಮಂದಿ ಗರ್ಭಧಾರಣೆ ಎಂದರು, 4 ಮಂದಿ ಬೇರೇನೋ ಹೇಳಿದರು ಎನ್ನೋಣ. ನೂರಕ್ಕೆ 88 ಮತ್ತು ನೂರಕ್ಕೆ 4. ಇದನ್ನು ಒಪ್ಪಬಹುದು.

ಉತ್ತರ ಸರಿಯೋ ತಪ್ಪೋ ಎಂದು ಇಬ್ಬರು ಬೇರೆ ಬೇರೆಯಾಗಿ ಕುಳಿತು ತೀರ್ಮಾನಿಸಬೇಕು. ಚಿತ್ರ ಬರೆಸಿದವರು ಅವರಲ್ಲಿರಬಾರದು; ತನ್ನ ಚಿತ್ರವೆಂದರೆ ಕೈ ಸಡಿಲವಾಗುವುದು ಸಹಜ. ಮೊದಲ ಕರಡುಗಳಿಗೆ ಐವತ್ತು ಜನ ಬೇಕಿಲ್ಲ. ಐದಾರು ಜನರನ್ನು ಕೇಳಿದರೆ ದೊಡ್ಡ ತಪ್ಪುಗಳು ಹೊರಬೀಳುತ್ತವೆ. ಕೊನೆಯ ಒಪ್ಪಿಗೆಗೆ ಮಾತ್ರ ಪೂರ್ಣ ಸಂಖ್ಯೆ ಬೇಕು.

ಕೊನೆಯ ಪರೀಕ್ಷೆ ಕೈಯದು

ಬಿಡಿ ಚಿತ್ರ ತಿಳಿದವರಿಗೆ ಕೆಲಸ ಬರುತ್ತದೆಂದು ಹೇಳಲಾಗದು. ಮೊಬೈಲನ್ನು ಕೈಗೆ ಕೊಟ್ಟು, "ಅಜ್ಜಿ, ಬೆಳಗ್ಗಿನಿಂದ ಹಸು ಮೇವು ಮುಟ್ಟಿಲ್ಲ ಅಂದ್ಕೊಳ್ಳಿ. ಇದರಿಂದ ಡಾಕ್ಟರನ್ನು ಕರೀರಿ" ಎನ್ನಿರಿ. ಆಮೇಲೆ ನಿಮ್ಮ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಿರಿ. ಬೆರಳು ಎಲ್ಲಿ ನಿಂತಿತು, ಮೊದಲು ಯಾವುದನ್ನು ಒತ್ತಿತು, ತಪ್ಪು ಪುಟಕ್ಕೆ ಹೋದವರು ತಾವೇ ಹಿಂದಕ್ಕೆ ಬಂದರೇ ಎಂಬುದನ್ನು ಬರೆದುಕೊಳ್ಳಿರಿ. ಬರಲಾಗದೆ ಮೊಬೈಲನ್ನು ನಿಮ್ಮ ಕೈಗೆ ಚಾಚಿದರೆ, ತಪ್ಪು ಅಜ್ಜಿಯದಲ್ಲ, ಜೋಡಣೆಯದು. ಒಂದೆರಡು ಸಲ ಹೊರಗೆ ಬಿಸಿಲಿನಲ್ಲಿಯೂ ಮಾಡಿಸಿ ನೋಡಿರಿ. ನೆರಳಿನಲ್ಲಿ ಸ್ಪಷ್ಟವಾಗಿದ್ದ ಬಣ್ಣ ಅಲ್ಲಿ ಮಾಸಿಹೋಗಬಹುದು.

ಎಷ್ಟು ತಿದ್ದಿದರೂ ಕೆಲವು ಸಂಗತಿಗಳು ಚಿತ್ರಕ್ಕೆ ಒಗ್ಗುವುದಿಲ್ಲ. 'ಕಳೆದ ವಾರದ ಬಟವಾಡೆ', 'ಬೇಡ', 'ನಾಳೆ' ಎಂಬುವುಗಳನ್ನು ಬರೆದು ತೋರಿಸುವುದು ಕಷ್ಟ. ಅಡ್ಡಗೆರೆ ಎಳೆದರೆ 'ಮಾಡಬಾರದು' ಎಂಬ ಅರ್ಥ ಎಲ್ಲರಿಗೂ ಹೊಳೆಯುವುದಿಲ್ಲ. ಅಂಥಲ್ಲಿ ಚಿತ್ರವನ್ನು ಮುಟ್ಟಿದೊಡನೆ ಊರಿನ ಮಾತಿನಲ್ಲಿ ಧ್ವನಿ ಬರುವಂತೆ ಮಾಡಿಸಿರಿ. ಕರೆ ಹೋಗುವ ಮುನ್ನ "ದನದ ಡಾಕ್ಟರನ್ನು ಕರೀಲಾ?" ಎಂದು ಅದು ಒಮ್ಮೆ ಕೇಳಲಿ. ಧ್ವನಿ ಇದೆಯೆಂದು ಪರೀಕ್ಷೆಯನ್ನು ಬಿಡಬೇಡಿರಿ. ಅದನ್ನೂ ಇದೇ ಕ್ರಮದಲ್ಲಿ, ಅದೇ ಜನರ ಕೈಗೆ ಕೊಟ್ಟು ನೋಡತಕ್ಕದ್ದು.