ಅಂಗಳದ ಹೆಂಚಿನೊಳಗೆ ಸೇರಿಕೊಂಡ ಲಾಭ

ಸಹ್ಯಾದ್ರಿಯ ಮಳೆಯನ್ನು ಮೊದಲಿಗೆ ಹೊರುವ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕು ತನ್ನ ಜೇಡಿಮಣ್ಣಿಗೂ ಅದರಿಂದಾಗುವ ಹೆಂಚು, ಇಟ್ಟಂಗಿ, ಮಡಿಕೆಗಳಿಗೂ ಬಹುಕಾಲದಿಂದ ಹೆಸರಾಗಿದ್ದು, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ನೆಲೆಗೊಂಡಿರುವುದೂ ಇಲ್ಲಿಯೇ. ಹಸಿ ಹೆಂಚು ಬಿಸಿಲು ಗಾಳಿಗೆ ಒಣಗದೆ ಭಟ್ಟಿಗೆ ಹೋಗುವಂತಿಲ್ಲವಾದ್ದರಿಂದ ಮಣ್ಣಿನ ಕೆಲಸದ ಬಹುಭಾಗ ಮಳೆ ನಿಂತ ಮೇಲಿನ ತಿಂಗಳುಗಳಲ್ಲಿ ನಡೆಯುತ್ತದೆ; ಮನೆಯ ಮಾಡು ಕೈಯಾಡಿಸುವವರು ಹೆಂಚಿಗೆ ಬರುವುದಾದರೋ ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳುಗಳಲ್ಲಿ. ಇವೆರಡರ ನಡುವೆ, ಮಾರ್ಚ್ 31ರಂದು, ದೇಶದ ಲೆಕ್ಕದ ವರ್ಷ ಮುಗಿಯುತ್ತದೆ. ಹೀಗಾಗಿ ಸುಟ್ಟ ಹೆಂಚು ಅಂಗಳದಲ್ಲಿ ಸಾಲುಸಾಲಾಗಿ ನಿಂತಿರುವ ಹೊತ್ತಿನಲ್ಲಿಯೇ ವರ್ಷದ ಲಾಭ ಎಷ್ಟೆಂದು ಹೇಳಬೇಕಾಗುತ್ತದೆ, ಮತ್ತು ಆ ಉತ್ತರವು ಮಾರಿದ ಹೆಂಚಿಗಿಂತ ಮಾರದೆ ಉಳಿದ ಹೆಂಚಿಗೆ ಎಷ್ಟು ಬೆಲೆ ಕಟ್ಟಲಾಯಿತು ಎಂಬುದರ ಮೇಲೆ ನಿಲ್ಲುತ್ತದೆ.

ತೊಡಕಿನ ಮೂಲ ಸ್ಥಿರ ವೆಚ್ಚದಲ್ಲಿದೆ. ಮಣ್ಣು, ಸೌದೆ, ಹೆಂಚಿನ ಲೆಕ್ಕದಲ್ಲಿ ಕೊಡುವ ಕೂಲಿ ಇವು ಹೆಂಚಿನ ಸಂಖ್ಯೆಯೊಂದಿಗೆ ಏರುತ್ತವೆ, ಇಳಿಯುತ್ತವೆ. ಇವುಗಳನ್ನು ಚರ ವೆಚ್ಚ ಎನ್ನುತ್ತಾರೆ. ಶೆಡ್ಡಿನ ಬಾಡಿಗೆ, ಮೇಲ್ವಿಚಾರಕನ ಸಂಬಳ, ಭಟ್ಟಿಯ ವಾರ್ಷಿಕ ದುರಸ್ತಿ, ವಿದ್ಯುತ್ತಿನ ಕನಿಷ್ಠ ಶುಲ್ಕ ಇವು ಎಷ್ಟು ಹೆಂಚು ಸುಟ್ಟರೂ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಇವು ಉತ್ಪಾದನೆಯ ಸ್ಥಿರ ವೆಚ್ಚ. ಈ ಎರಡನೆಯ ಬಗೆಯನ್ನೂ ಪ್ರತಿ ಹೆಂಚಿಗೆ ಹಂಚಿ, ಹೆಂಚು ಅದನ್ನು ಹೀರಿಕೊಂಡಿತೆಂದು ಭಾವಿಸಿ, ಮಾರಾಟವಾಗುವ ದಿನದವರೆಗೆ ದಾಸ್ತಾನಿನ ಬೆಲೆಯಲ್ಲಿ ಇರಿಸುವ ಕ್ರಮಕ್ಕೆ ಅಬ್ಸಾರ್ಪ್ಷನ್ ಕಾಸ್ಟಿಂಗ್ ಎಂದು ಹೆಸರು. ಸ್ಥಿರ ವೆಚ್ಚವು ಹೆಂಚಿನದಲ್ಲ, ಆ ವರ್ಷದ್ದು ಎಂದು ಬಗೆದು, ಅದನ್ನು ಇಡಿಯಾಗಿ ಅದೇ ವರ್ಷದ ಆದಾಯದಿಂದ ಕಳೆದು, ದಾಸ್ತಾನಿಗೆ ಚರ ವೆಚ್ಚವನ್ನು ಮಾತ್ರ ಕಟ್ಟುವುದು ವೇರಿಯಬಲ್ ಕಾಸ್ಟಿಂಗ್. ಭಾರತದ ಪಠ್ಯಪುಸ್ತಕಗಳಲ್ಲಿ ಇದು ಮಾರ್ಜಿನಲ್ ಕಾಸ್ಟಿಂಗ್ ಎಂಬ ಹೆಸರಿನಿಂದಲೇ ಹೆಚ್ಚು ಪರಿಚಿತ.

ಮೊದಲನೆಯ ಕ್ರಮ ಬೆಳೆದದ್ದು ಯಂತ್ರಗಳ ಕಾಲದಲ್ಲಿ. ಕೂಲಿಯೂ ಕಚ್ಚಾವಸ್ತುವೂ ವೆಚ್ಚದ ಬಹುಪಾಲಾಗಿದ್ದಾಗ ಮಿಕ್ಕ ಖರ್ಚನ್ನು ಅಂದಾಜಿನಲ್ಲಿ ಸೇರಿಸಿದರೆ ಸಾಕಾಗುತ್ತಿತ್ತು. ಕಾರ್ಖಾನೆಯ ಕಟ್ಟಡ, ಯಂತ್ರ, ಮೇಲ್ವಿಚಾರಣೆಯ ಖರ್ಚು ಬೆಳೆದಂತೆ ಅದನ್ನು ಸರಕಿಗೆ ನ್ಯಾಯವಾಗಿ ಹಂಚುವುದು ಹೇಗೆಂಬ ಪ್ರಶ್ನೆ ಎದ್ದಿತು. ಅಲೆಕ್ಸಾಂಡರ್ ಹ್ಯಾಮಿಲ್ಟನ್ ಚರ್ಚ್ 1901ರಲ್ಲಿ ಬರೆದ ಲೇಖನಮಾಲೆ ಈ ಹಂಚಿಕೆಯನ್ನೇ ಕುರಿತದ್ದು. ಹಂಚಿಕೆ ಎಷ್ಟು ಸೂಕ್ಷ್ಮವಾದರೂ ಅದರ ಒಂದು ಅಡ್ಡಪರಿಣಾಮ ಮಾತ್ರ ಬಹುಕಾಲ ಗಮನಕ್ಕೆ ಬೀಳಲಿಲ್ಲ. ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ಡ್ಯೂಯಿ ಅಂಡ್ ಆಲ್ಮಿ ಎಂಬ ರಾಸಾಯನಿಕ ಕಂಪನಿಯ ಜೊನಾಥನ್ ಹ್ಯಾರಿಸ್, 1936ರ ಜನವರಿಯಲ್ಲಿ ಅಲ್ಲಿನ ವೆಚ್ಚ ಲೆಕ್ಕಿಗರ ಸಂಘದ ಪತ್ರಿಕೆಯಲ್ಲಿ, ಕಳೆದ ತಿಂಗಳು ನಾವು ಗಳಿಸಿದ್ದೆಷ್ಟು ಎಂಬರ್ಥದ ಶೀರ್ಷಿಕೆಯಡಿ ಅದನ್ನು ಬಯಲಿಗಿಟ್ಟನು: ಮಾರಾಟ ಏರಿದ ತಿಂಗಳಿನಲ್ಲಿ ಲಾಭ ಇಳಿದದ್ದನ್ನು ಕಂಡು ಬೆರಗಾದ ಅಧ್ಯಕ್ಷನಿಗೆ ಕೊಡಬೇಕಾದ ಉತ್ತರವೇ ಆ ಬರಹದ ವಸ್ತು. ಆ ತಿಂಗಳಿನಲ್ಲಿ ತಯಾರಿಕೆ ಕಡಿಮೆಯಾಗಿತ್ತು, ಹಳೆಯ ದಾಸ್ತಾನು ಖರ್ಚಾಗಿತ್ತು, ಅದರೊಳಗಿದ್ದ ಹಿಂದಿನ ತಿಂಗಳುಗಳ ಸ್ಥಿರ ವೆಚ್ಚ ಒಮ್ಮೆಲೇ ಹೊರಬಂದಿತ್ತು. ವೇರಿಯಬಲ್ ಕಾಸ್ಟಿಂಗ್‌ನ ಇಂದಿನ ರೂಪ ಈ ಚರ್ಚೆಯಿಂದಲೇ ಬೆಳೆಯಿತು.

ಖಾನಾಪುರದ ಒಂದು ಹೆಂಚಿನ ಕಾರ್ಖಾನೆಯನ್ನು ಕಲ್ಪಿಸಿಕೊಂಡು ಇದನ್ನು ಲೆಕ್ಕಕ್ಕೆ ಇಳಿಸಬಹುದು. ಅಂಕಿಗಳು ವಿವರಣೆಗಾಗಿ ಇಟ್ಟುಕೊಂಡವು, ಪೇಟೆಯ ದರಗಳಲ್ಲ. ಹೆಂಚಿನ ಮಾರಾಟ ಬೆಲೆ 20 ರೂಪಾಯಿ, ಚರ ವೆಚ್ಚ 12 ರೂಪಾಯಿ, ವರ್ಷದ ಸ್ಥಿರ ವೆಚ್ಚ 24 ಲಕ್ಷ ರೂಪಾಯಿ, ಮೂರೂ ವರ್ಷ ಮಾರಾಟ ತಲಾ 4 ಲಕ್ಷ ಹೆಂಚು ಎಂದಿರಲಿ. ಮೊದಲ ವರ್ಷ ಸುಟ್ಟದ್ದೂ ಮಾರಿದ್ದೂ 4 ಲಕ್ಷವಾದರೆ ಹೆಂಚೊಂದಕ್ಕೆ ಬೀಳುವ ಸ್ಥಿರ ವೆಚ್ಚ 6 ರೂಪಾಯಿ, ಒಟ್ಟು ವೆಚ್ಚ 18 ರೂಪಾಯಿ, ಲಾಭ 8 ಲಕ್ಷ. ಎರಡನೆಯ ಕ್ರಮದಲ್ಲಿ ಹೆಂಚೊಂದಕ್ಕೆ ಉಳಿಯುವ 8 ರೂಪಾಯಿಯಂತೆ 32 ಲಕ್ಷ ಬಂದು, ಅದರಲ್ಲಿ 24 ಲಕ್ಷ ಕಳೆದರೆ ಅದೇ 8 ಲಕ್ಷ. ಅಂಗಳದಲ್ಲಿ ಒಂದು ಹೆಂಚೂ ಉಳಿಯದ ವರ್ಷದಲ್ಲಿ ಎರಡು ಕ್ರಮಗಳ ನಡುವೆ ಜಗಳಕ್ಕೆ ಆಸ್ಪದವೇ ಇಲ್ಲ.

ಎರಡನೆಯ ವರ್ಷ ಭಟ್ಟಿಯನ್ನು ಬಿಡುವಿಲ್ಲದೆ ಉರಿಸಿ 6 ಲಕ್ಷ ಹೆಂಚು ತಯಾರಿಸಲಾಯಿತು, ಕೊಂಡವರು ಮಾತ್ರ ಮೊದಲಿನಷ್ಟೇ. ಈಗ 24 ಲಕ್ಷದ ಸ್ಥಿರ ವೆಚ್ಚ 6 ಲಕ್ಷ ಹೆಂಚಿಗೆ ಹರಡಿ ಒಂದಕ್ಕೆ 4 ರೂಪಾಯಿಯಾಗುತ್ತದೆ, ಒಟ್ಟು ವೆಚ್ಚ 16ಕ್ಕೆ ಇಳಿಯುತ್ತದೆ, ಮಾರಿದ 4 ಲಕ್ಷ ಹೆಂಚಿನ ಮೇಲಿನ ಲಾಭ 16 ಲಕ್ಷವಾಗುತ್ತದೆ. ಒಬ್ಬ ಹೊಸ ಗಿರಾಕಿ ಬಂದಿಲ್ಲ, ಬೆಲೆ ಒಂದು ಪೈಸೆ ಏರಿಲ್ಲ, ಆದರೂ ಲಾಭ ಇಮ್ಮಡಿಯಾಗಿದೆ. ವೇರಿಯಬಲ್ ಕ್ರಮದಲ್ಲಿ ಲಾಭ ಇನ್ನೂ 8 ಲಕ್ಷದಲ್ಲಿಯೇ ನಿಂತಿರುತ್ತದೆ. ನಡುವಿನ 8 ಲಕ್ಷ ಎಲ್ಲಿಂದ ಬಂದಿತೆಂದು ಹುಡುಕಿದರೆ ಅದು ಅಂಗಳದಲ್ಲಿ ಸಿಗುತ್ತದೆ: ಮಾರದೆ ಉಳಿದ 2 ಲಕ್ಷ ಹೆಂಚಿನಲ್ಲಿ ಪ್ರತಿಯೊಂದೂ 4 ರೂಪಾಯಿಯ ಬಾಡಿಗೆಯನ್ನೂ ಸಂಬಳವನ್ನೂ ಹೊತ್ತುಕೊಂಡು ಮುಂದಿನ ವರ್ಷಕ್ಕೆ ಹೊರಟಿದೆ. ಖರ್ಚಾಗಿ ಹೋದ ಹಣವನ್ನು ಆಸ್ತಿಯೆಂದು ಬರೆದುಕೊಂಡಿರುವುದರಿಂದ ಈ ವರ್ಷದ ಲೆಕ್ಕ ಅಷ್ಟರಮಟ್ಟಿಗೆ ಹಗುರಾಗಿದೆ.

ಗಲ್ಲಾಪೆಟ್ಟಿಗೆ ಹೇಳುವುದು ಇನ್ನೊಂದೇ ಬಗೆಯದು. ಸ್ಥಿರ ಮತ್ತು ಚರ ವೆಚ್ಚಗಳೆರಡೂ ನಗದಾಗಿಯೇ ಹೋದವೆಂದು ಹಿಡಿದರೆ, ಒಳಬಂದದ್ದು 80 ಲಕ್ಷ, 6 ಲಕ್ಷ ಹೆಂಚಿನ ಚರ ವೆಚ್ಚ 72 ಲಕ್ಷ, ಸ್ಥಿರ ವೆಚ್ಚ 24 ಲಕ್ಷ, ಕೈಯಿಂದ ಹೋದದ್ದು 16 ಲಕ್ಷ. ಪುಸ್ತಕದಲ್ಲಿ 16 ಲಕ್ಷ ಲಾಭ, ಕೈಯಲ್ಲಿ 16 ಲಕ್ಷ ಕೊರತೆ. ಲಾಭಕ್ಕೆ ತಕ್ಕ ಬೋನಸ್ಸು ಪಡೆಯುವ ಮ್ಯಾನೇಜರನಿಗೆ ಇಂಥ ವರ್ಷ ಸುಗ್ಗಿಯಾದರೆ, ಆ ಲಾಭಕ್ಕೆ ತೆರಿಗೆ ಕಟ್ಟಬೇಕಾದ ಮಾಲೀಕನಿಗೆ ಅದು ಸುಗ್ಗಿಯಲ್ಲ.

ಮೂರನೆಯ ವರ್ಷ ಎಚ್ಚೆತ್ತು 2 ಲಕ್ಷ ಹೆಂಚು ಮಾತ್ರ ಸುಟ್ಟು, ಹಳೆಯ 2 ಲಕ್ಷವನ್ನು ಸೇರಿಸಿ 4 ಲಕ್ಷ ಮಾರಿದರೆಂದುಕೊಳ್ಳಬಹುದು. ಅಬ್ಸಾರ್ಪ್ಷನ್ ಕ್ರಮದಲ್ಲಿ ಹಳೆಯ ಹೆಂಚಿನ ಬೆಲೆ 32 ಲಕ್ಷ; ಹೊಸದರ ವೆಚ್ಚ, ಒಂದಕ್ಕೆ 12 ರೂಪಾಯಿ ಸ್ಥಿರ ವೆಚ್ಚ ಸೇರಿ, 48 ಲಕ್ಷ; ಒಟ್ಟು 80 ಲಕ್ಷ, ಮಾರಾಟವೂ 80 ಲಕ್ಷ, ಲಾಭ ಸೊನ್ನೆ. ವೇರಿಯಬಲ್ ಕ್ರಮದಲ್ಲಿ ಮತ್ತೆ 8 ಲಕ್ಷ. ಮೂರು ವರ್ಷಗಳನ್ನು ಕೂಡಿದರೆ ಎರಡೂ ಕ್ರಮಗಳಲ್ಲಿ 24 ಲಕ್ಷವೇ ಬರುತ್ತದೆ. ವ್ಯತ್ಯಾಸವಿದ್ದುದು ಲಾಭದ ಮೊತ್ತದಲ್ಲಲ್ಲ, ಅದು ಯಾವ ವರ್ಷದ ಪಾಲಿಗೆ ಬಿತ್ತೆಂಬುದರಲ್ಲಿ. ಯಾವ ವರ್ಷವನ್ನು ತೆಗೆದುಕೊಂಡರೂ, ಕೊನೆಯ ದಾಸ್ತಾನಿನೊಳಗಿರುವ ಸ್ಥಿರ ವೆಚ್ಚದಿಂದ ಮೊದಲಿನ ದಾಸ್ತಾನಿನೊಳಗಿದ್ದ ಸ್ಥಿರ ವೆಚ್ಚವನ್ನು ಕಳೆದರೆ ಎರಡು ಲಾಭಗಳ ಅಂತರ ಸಿಗುತ್ತದೆ.

ಇದೇ ಜಿಲ್ಲೆಯ ಬೆಳಗಾವಿ ನಗರದ ಉದ್ಯಮಬಾಗದಲ್ಲಿ ಎರಕದ ಫೌಂಡ್ರಿಗಳ ಸಾಲೇ ಇದ್ದು, ಅಲ್ಲಿ ಈ ಅಂತರ ಸಾಮಾನ್ಯವಾಗಿ ಇಷ್ಟು ದೊಡ್ಡದಾಗುವುದಿಲ್ಲ. ಪಂಪಿನ, ವಾಲ್ವಿನ, ವಾಹನದ ಭಾಗಗಳನ್ನು ಗಿರಾಕಿಯ ನಕ್ಷೆಗೆ, ಗಿರಾಕಿಯ ಆರ್ಡರಿಗೆ ತಕ್ಕಂತೆ ಎರಕ ಹೊಯ್ಯುವಲ್ಲಿ ಮಾರಾಟವಾಗದೆ ಉಳಿಯುವ ಸರಕು ಕಡಿಮೆ. ಯಾರದೋ ಮಾಡಿಗೆ ಎಂದೋ ಹೋಗುವ ಹೆಂಚನ್ನು ಮೊದಲೇ ಸುಟ್ಟಿಡುವ ಉದ್ಯೋಗದಲ್ಲಿಯೇ ಲೆಕ್ಕದ ಕ್ರಮವು ಲಾಭವನ್ನು ಹೀಗೆ ಕುಣಿಸಬಲ್ಲದು.

ಹೀಗಿದ್ದೂ ಭಾರತದಲ್ಲಿ ಹೊರಗಿನವರಿಗೆ ತೋರಿಸುವ ಲೆಕ್ಕದಲ್ಲಿ ಗೆದ್ದದ್ದು ಅಬ್ಸಾರ್ಪ್ಷನ್ ಕ್ರಮವೇ. ಬಸ್ಸುಗಳ ಕವಚ ಕಟ್ಟುವ ಡ್ಯೂಪಲ್ ಕಂಪನಿಯ ಮೊಕದ್ದಮೆಯಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 1961ರಲ್ಲಿ, ದಾಸ್ತಾನಿಗೆ ಸ್ಥಿರ ವೆಚ್ಚವನ್ನು ಸೇರಿಸಲೇಬೇಕೆಂದು ಕಂಪನಿಯನ್ನು ಒತ್ತಾಯಿಸಲು ಒಪ್ಪಿರಲಿಲ್ಲ. ಬ್ರಿಟಿಷ್ ಪೇಂಟ್ಸ್ ಕಂಪನಿಯ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟ್ 1990ರ ಡಿಸೆಂಬರಿನಲ್ಲಿ ಬೇರೆ ದಾರಿ ಹಿಡಿದು, ದಾಸ್ತಾನಿಗೆ ಕಚ್ಚಾವಸ್ತುವಿನ ಬೆಲೆಯನ್ನು ಮಾತ್ರ ಕಟ್ಟಿ ಮೇಲ್ವೆಚ್ಚವನ್ನು ಪೂರ್ತಿ ಬಿಟ್ಟರೆ ವರ್ಷದ ನಿಜವಾದ ಆದಾಯ ಕಾಣುವುದಿಲ್ಲ ಎಂದು ಹೇಳಿ, ಅದನ್ನು ತಿದ್ದುವ ಅಧಿಕಾರ ಆದಾಯ ತೆರಿಗೆ ಅಧಿಕಾರಿಗೆ ಇದೆಯೆಂದು ತೀರ್ಪಿತ್ತಿತು. ಲೆಕ್ಕ ಪರಿಶೋಧಕರ ಸಂಸ್ಥೆಯ ದಾಸ್ತಾನು ಮೌಲ್ಯಮಾಪನದ ಮಾನದಂಡ, ಎಎಸ್-2, 1981ರಲ್ಲಿ ಬಂದಾಗ ಎರಡೂ ಕ್ರಮಗಳಿಗೆ ಎಡೆಯಿತ್ತು. 1999ರ ಏಪ್ರಿಲ್ 1ರಿಂದ ಜಾರಿಯಾದ ಪರಿಷ್ಕೃತ ರೂಪದಲ್ಲಿ ಉತ್ಪಾದನೆಯ ಸ್ಥಿರ ವೆಚ್ಚವನ್ನು ಸೇರಿಸುವುದು ಕಡ್ಡಾಯವಾಯಿತು.

ಈ ಮಾನದಂಡವು ಸ್ಥಿರ ವೆಚ್ಚವನ್ನು ಕಾರ್ಖಾನೆಯ ಸಾಮಾನ್ಯ ಸಾಮರ್ಥ್ಯಕ್ಕೆ ತಕ್ಕಂತೆ ಹಂಚಬೇಕೆನ್ನುವುದರಿಂದ ದುರುಪಯೋಗಕ್ಕೆ ತಡೆಯಿದೆಯೆಂಬ ಮಾತು ಆಗಾಗ ಕೇಳಿಬರುತ್ತದೆ, ಆದರೆ ಅದು ಅರ್ಧ ನಿಜ. ಸಾಮಾನ್ಯ ಸಾಮರ್ಥ್ಯ 4 ಲಕ್ಷವಾಗಿರುವಾಗ 2 ಲಕ್ಷವಷ್ಟೇ ಸುಟ್ಟ ವರ್ಷ ಹೆಂಚಿಗೆ 6 ರೂಪಾಯಿಯಷ್ಟೇ ಸೇರಿಸಿ, ಮಿಕ್ಕ 12 ಲಕ್ಷವನ್ನು ಆ ವರ್ಷದ ಖರ್ಚೆಂದು ಬರೆಯಬೇಕು. ಭಟ್ಟಿ ತಣ್ಣಗಿದ್ದ ತಿಂಗಳುಗಳ ಹೊರೆಯನ್ನು ಉಳಿದ ಹೆಂಚಿನ ಬೆಲೆಗೆ ಏರಿಸುವುದನ್ನು ಇದು ತಡೆಯುತ್ತದೆ. ಅಸಾಧಾರಣವಾಗಿ ಹೆಚ್ಚು ಸುಟ್ಟ ವರ್ಷವಾದರೋ, ದಾಸ್ತಾನು ನಿಜವಾದ ವೆಚ್ಚವನ್ನು ಮೀರದಂತೆ ದರವನ್ನು ಇಳಿಸಬೇಕೆನ್ನುತ್ತದೆ ಅದೇ ನಿಯಮ, ಅಂದರೆ ಮೇಲಿನ ಲೆಕ್ಕದ 4 ರೂಪಾಯಿಗೆ ತಂದು ನಿಲ್ಲಿಸುತ್ತದೆ. ಎರಡನೆಯ ವರ್ಷದ 16 ಲಕ್ಷ ಲಾಭ ಹಾಗೆಯೇ ಉಳಿಯುತ್ತದೆ.

ಮಾಲೀಕನು ತನ್ನ ತಿಳಿವಿಗಾಗಿ ವೇರಿಯಬಲ್ ಲೆಕ್ಕವನ್ನೂ ಇಟ್ಟುಕೊಳ್ಳಬಹುದು, ಕಾನೂನು ಅಡ್ಡಿಪಡಿಸುವುದಿಲ್ಲ. ಆದರೆ ಅದೂ ಮುಗ್ಧವಾದ ಲೆಕ್ಕವಲ್ಲ. ಭಟ್ಟಿ ತುಂಬಿದ್ದರೂ ಅರ್ಧ ಖಾಲಿಯಿದ್ದರೂ ಒಮ್ಮೆ ಉರಿ ಹಾಕಿದರೆ ಸೌದೆಯ ದೊಡ್ಡ ಭಾಗ ಬೇಕೇ ಬೇಕು. ಅದು ಹೆಂಚಿನ ಲೆಕ್ಕದ ಖರ್ಚೋ, ಭಟ್ಟಿಯ ಲೆಕ್ಕದ್ದೋ? ಇಂದು ಹೆಂಚಿನ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ನಾಳೆ ತಿಂಗಳ ಸಂಬಳ ಗೊತ್ತಾದರೆ ಚರವಾಗಿದ್ದದ್ದು ಸ್ಥಿರವಾಗಿಬಿಡುತ್ತದೆ. ಗೆರೆಯನ್ನು ಎಳೆಯುವವನ ಕೈ ಎರಡೂ ಕ್ರಮಗಳಲ್ಲಿ ಇದ್ದೇ ಇರುತ್ತದೆ.

ಈ ವ್ಯತ್ಯಾಸ ಬ್ಯಾಂಕಿನ ಮೇಜಿಗೂ ಬರುತ್ತದೆ. ಕ್ಯಾಶ್ ಕ್ರೆಡಿಟ್ ಸಾಲ ಪಡೆದ ಕಾರ್ಖಾನೆ ಕಾಲಕಾಲಕ್ಕೆ ದಾಸ್ತಾನಿನ ತಃಖ್ತೆಯನ್ನು ಸಲ್ಲಿಸುತ್ತದೆ, ಅದರ ಬೆಲೆಯಲ್ಲಿ ಒಂದು ಅಂಚನ್ನು ಬಿಟ್ಟು ಉಳಿದಷ್ಟಕ್ಕೆ ಹಣ ಎತ್ತಲು ಅವಕಾಶವಿರುತ್ತದೆ. ಅಂಚು ಶೇಕಡ 25 ಎಂದಿಟ್ಟುಕೊಂಡರೆ, ಎರಡನೆಯ ವರ್ಷದ ಕೊನೆಯಲ್ಲಿ 16 ರೂಪಾಯಿಯಂತೆ 32 ಲಕ್ಷ ಬೆಲೆಯ ದಾಸ್ತಾನಿಗೆ 24 ಲಕ್ಷ ಸಿಗುತ್ತದೆ. 12 ರೂಪಾಯಿಯಂತೆ ಕಟ್ಟಿದ್ದರೆ 18 ಲಕ್ಷವಷ್ಟೇ. ಹೀಗೆ ಆ ವರ್ಷದ 16 ಲಕ್ಷದ ಕೊರತೆಯನ್ನು ಮಾರದ ಹೆಂಚೇ ತುಂಬಿಕೊಡುತ್ತದೆ, ಮತ್ತು ಮಾರಾಟ ಕದಲದೆ ದಾಸ್ತಾನು, ಸಾಲ, ಲಾಭ ಮೂರೂ ಒಟ್ಟಿಗೆ ಏರಿದ ಲೆಕ್ಕಪತ್ರವನ್ನು ಕಂಡಾಗ ಅನುಭವಿ ಅಧಿಕಾರಿಗಳು ಮೊದಲು ಅಂಗಳ ನೋಡಲು ಹೊರಡುವುದೂ ಇದರಿಂದಲೇ. ಮೂರನೆಯ ವರ್ಷ ಅಂಗಳ ಬರಿದಾದಾಗ ಎತ್ತುವ ಮಿತಿ ಸೊನ್ನೆಗೆ ಇಳಿದು ಸಾಲ ತೀರಿಸಬೇಕಾಗುತ್ತದೆ, ಮತ್ತು ತೀರಿಸಲು ಹಣವೂ ಇರುತ್ತದೆ, ಏಕೆಂದರೆ 80 ಲಕ್ಷದ ಮಾರಾಟದಲ್ಲಿ ಆ ವರ್ಷ ಹೊರಹೋದದ್ದು 48 ಲಕ್ಷ ಮಾತ್ರ. ಲಾಭ ಸೊನ್ನೆಯೆಂದು ಬರೆದ ವರ್ಷದಲ್ಲಿಯೇ ಕಾರ್ಖಾನೆಯ ಕೈಗೆ 32 ಲಕ್ಷ ಬಂದಿರುತ್ತದೆ.