ರಾಜೀನಾಮೆ ಪತ್ರದಲ್ಲಿ ಬೀಗದ ಕೈಯ ಲೆಕ್ಕ

ಎಂ.ಎಸ್ಸಿ. ನರ್ಸಿಂಗ್ ಸೇರಲು ಬಿ.ಎಸ್ಸಿ. ಮುಗಿಸಿದವರಿಗೆ ಕನಿಷ್ಠ 1 ವರ್ಷದ ಕೆಲಸದ ಅನುಭವ ಬೇಕು. ಅದಕ್ಕೆ ಸಾಕ್ಷಿ ಆಸ್ಪತ್ರೆ ಕೊಡುವ ಅನುಭವ ಪತ್ರ. ಹಾಗಾಗಿ ಜಗಳವಾಡಿಕೊಂಡು ಹೊರಬಂದರೆ ಸೀಟಿಗೇ ಕುತ್ತು.

ಐಸಿಯು ನರ್ಸೊಬ್ಬರು ಜೂನ್ 3ರಂದು ಪತ್ರ ಕೊಡುತ್ತಾರೆ, ನೇಮಕಾತಿ ಆದೇಶದಲ್ಲಿ 30 ದಿನದ ನೋಟಿಸ್ ಇದೆ ಎಂದುಕೊಳ್ಳಿ. ಕೊಟ್ಟ ದಿನವೂ ಲೆಕ್ಕಕ್ಕಿದ್ದರೆ ಕೊನೆಯ ದಿನ ಜುಲೈ 2, ಇಲ್ಲದಿದ್ದರೆ ಜುಲೈ 3. ಎಚ್‌.ಆರ್. ವಿಭಾಗದಲ್ಲಿ ಕೇಳಿಕೊಂಡು ತಾರೀಖನ್ನೇ ಬರೆಯುವುದು ಒಳ್ಳೆಯದು: "ಉನ್ನತ ವ್ಯಾಸಂಗಕ್ಕಾಗಿ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ಜುಲೈ 3 ನನ್ನ ಕೊನೆಯ ಕರ್ತವ್ಯದ ದಿನ." ಕಾರಣಕ್ಕೆ ಅಷ್ಟು ಸಾಕು, ಸಂಬಳದ ದೂರು ಇಲ್ಲಿ ಬೇಡ. ಪತ್ರ ನರ್ಸಿಂಗ್ ಸೂಪರಿಂಟೆಂಡೆಂಟ್ ಹೆಸರಿಗಿರಲಿ, ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಹೇಳಿದ್ದು ನೋಟಿಸ್ ಆಗುವುದಿಲ್ಲ.

ಇನ್ನು ಜವಾಬ್ದಾರಿ ಒಪ್ಪಿಸುವುದು. ರೋಗಿಗಳ ವಿವರ ಪ್ರತಿ ಪಾಳಿಯಲ್ಲೂ ಕೈ ಬದಲಾಗುತ್ತದೆ, ಅದನ್ನು ಪತ್ರದಲ್ಲಿ ಬರೆಯಬೇಕಿಲ್ಲ. ಬರೆಯಬೇಕಾದದ್ದು ಅವರ ಹೆಸರಿನಲ್ಲೇ ಇರುವ ಕೆಲಸಗಳು. ಮಾರ್ಫಿನ್, ಫೆಂಟನಿಲ್ ಇಡುವ ಕಪಾಟಿನ ಕೀ ಅವರ ಬಳಿ ಇದ್ದರೆ, ಹೊಸಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಆಂಪೂಲ್‌ಗಳನ್ನು ಎಣಿಸಿ, ರಿಜಿಸ್ಟರಿನ ಬಾಕಿಗೆ ತಾಳೆ ನೋಡಿ, ಇಬ್ಬರೂ ಸಹಿ ಹಾಕಬೇಕು. ಒಂದು ಆಂಪೂಲ್ ಕಡಿಮೆ ಬಂದರೂ ಆಗಲೇ ಇನ್‌ಚಾರ್ಜ್‌ಗೆ ತಿಳಿಸಬೇಕು. ಹೋದಮೇಲೆ ಸಿಕ್ಕ ವ್ಯತ್ಯಾಸ ಹೋದವರ ತಲೆಗೇ ಬರುತ್ತದೆ. ಈ ಎಣಿಕೆಯನ್ನು ಕೊನೆಯ ಸಂಜೆಗೆ ಉಳಿಸಿಕೊಳ್ಳದೆ ಎರಡು ದಿನ ಮೊದಲೇ ಒಮ್ಮೆ ಮಾಡಿದರೆ ತಪ್ಪು ಹುಡುಕಲು ಸಮಯ ಸಿಗುತ್ತದೆ.